ಬೀಪಮ್ಮನ ಕೊನೆಯ ದಿನ

ಅಂಗಡಿ ಸಾಲಿನವರೆಲ್ಲ ಅವಳನ್ನು ಬೀಪಮ್ಮ ಎಂದೇ ಕರೆಯುತ್ತಿದ್ದರು. ಕೆಟ್ಟ ಕಂಪ್ಯೂಟರನ್ನು ಮೇಜಿನ ಮೇಲಿಟ್ಟು, ಮದರ್‌ಬೋರ್ಡಿಗೆ ಪುಟ್ಟ ಸ್ಪೀಕರ್ ಸಿಕ್ಕಿಸಿ, ಅದು ಕೂಗುವ ರೀತಿಯಲ್ಲೇ ರೋಗ ಪತ್ತೆಹಚ್ಚುವವಳು ಅವಳು. ಪರದೆ ಕಪ್ಪಾದರೆ ಯಂತ್ರಕ್ಕೆ ಉಳಿಯುವುದು ಅದೊಂದೇ ಬಾಯಿ. ಕಿಟಕಿಯಿಲ್ಲದ ರಿಪೇರಿ ಕೋಣೆಯಲ್ಲಿ, ಅಕ್ಕನ ಗಂಡನ ಎದುರು ಕೂತು ಹದಿನಾಲ್ಕು ವರ್ಷ ಅದನ್ನೇ ಕೇಳಿ ಅವಳಿಗೆ ಸಾಕುಸಾಕಾಗಿತ್ತು.

ನಾಳೆಯಿಂದ ಕಾಲೇಜಿನ ಲ್ಯಾಬಿನಲ್ಲಿ ಕೆಲಸ. ಅಲ್ಲಿ ಎರಡು ಕಿಟಕಿಗಳಿದ್ದವು. ಸಂದರ್ಶನದ ದಿನವೇ ಎಣಿಸಿಕೊಂಡು ಬಂದಿದ್ದಳು.

"ಆರಾಮಾಗಿ ಹೋಗಮ್ಮ. ನೀನು ಅಆಇಈ ತಿದ್ದೋ ಕಾಲದಿಂದ ನಾನು ಸ್ಕ್ರೂಡ್ರೈವರ್ ಹಿಡಿದಿದೀನಿ," ಎಂದಿದ್ದರು ಭಾವ.

ಬೀಪು ಎಣಿಸುವಾಗ ಅವಳ ಬೆರಳು ಸುಮ್ಮನಿರುತ್ತಿರಲಿಲ್ಲ. ಉದ್ದ ಬೀಪಿಗೆ ಮೇಜಿನ ಮೇಲೆ ಒಂದು ಗೆರೆ ಎಳೆಯುವುದು, ಗಿಡ್ಡದಕ್ಕೆ ಒಮ್ಮೆ ತಟ್ಟುವುದು. ಅಷ್ಟರಲ್ಲಿ ಭಾವ ಗತ್ತಿನಿಂದ ರೋಗ ಸಾರಿಬಿಡುತ್ತಿದ್ದರು. ಕಷ್ಟ ನನ್ನದು, ಹೆಸರು ಇವರದು ಎಂದು ಅವಳಿಗೆ ಒಳಗೊಳಗೇ ಉರಿ. ಅದಕ್ಕೇ ಕೊನೆಯ ದಿನ ಕೈಕಟ್ಟಿ ಕೂತಳು: ಮಾಡಲಿ, ನೋಡೋಣ.

ಡಿಟಿಪಿ ಅಂಗಡಿಯಾಕೆ ತಂದ ಯಂತ್ರ ಉದ್ದಕ್ಕೆ ಕೂಗಿತು, ನಿಂತಿತು, ಮತ್ತೆ ಉದ್ದಕ್ಕೆ ಕೂಗಿತು. ಕೊನೆಯೇ ಇಲ್ಲ. ಆ ಬೋರ್ಡಿನ ಭಾಷೆಯಲ್ಲಿ ಅದು ಮೆಮೊರಿಯ ತಕರಾರು. ಎಳೆಮಗುವಿಗೂ ತಿಳಿಯುವಷ್ಟು ಸುಲಭ. ಭಾವ ಅವಳ ಕೈಯತ್ತ ನೋಡಿದರು, ಇನ್ನೊಮ್ಮೆ ನೋಡಿದರು.

"ಒಂದು ಉದ್ದ, ಎರಡು ಗಿಡ್ಡ. ಗ್ರಾಫಿಕ್ಸ್ ಕಾರ್ಡ್ ಹೋಗಿದೆ."

ತಮಾಷೆ ಎಂದುಕೊಂಡಳು. ಅವರು ಕಾರ್ಡ್ ಬಿಚ್ಚಿ, ಬೇರೆಯದನ್ನು ಕೂರಿಸಿ, ಸ್ವಿಚ್ ಒತ್ತಿದರು. ಯಂತ್ರ ಅದೇ ರಾಗ ತೆಗೆಯಿತು.

"ನೋಡಿ, ನಿಂತೇಹೋಯ್ತು," ಎಂದು ಭಾವ ನಕ್ಕರು.

ಯಂತ್ರ ಕೂಗುತ್ತಲೇ ಇತ್ತು. ಬಂದಾಕೆ ಅವರ ಮುಖವನ್ನೇ ನೋಡಿದಳು. ಬೀಪಮ್ಮ ಕಟ್ಟಿದ್ದ ಕೈ ಬಿಚ್ಚಿದಳು.

ಕರೆಂಟು ತೆಗೆದು, ಮೆಮೊರಿ ಪಟ್ಟಿಯನ್ನು ಎಳೆದಳು. ಮಸಿಹಿಡಿದ ಹೊಂಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ, ಎರಡೂ ಕಡೆಯ ಕ್ಲಿಪ್ಪು ಟಕ್ಕೆನ್ನುವವರೆಗೆ ಒತ್ತಿದಳು. ಈ ಸಲ ಒಂದೇ ಒಂದು ಗಿಡ್ಡ ಬೀಪು, ಪರದೆಯಲ್ಲಿ ಬೆಳಕು. ಗಿರಾಕಿ ಹೊರಟಳು.

"ಎಷ್ಟು ದಿನದಿಂದ ಭಾವ?"

ಅವರು ಅವಳ ತುಟಿ ನೋಡುತ್ತಿದ್ದರು. "ನಾಲ್ಕು ವರ್ಷ ಆಯ್ತು. ಮೊದಲು ಈ ಸಣ್ಣ ದನಿಗಳು ಹೋದವು, ಈಗೀಗ ಮಾತೂ ಅರ್ಧಂಬರ್ಧ. ನಿನ್ನ ಬೆರಳು ನೋಡ್ಕೊಂಡೇ ದಿನ ದಬ್ತಾ ಇದ್ದೆ. ನಿಮ್ಮಕ್ಕನಿಗೆ ಹೇಳಬೇಡ. ನೀನು ನಿನ್ನ ಪಾಡಿಗೆ ಹೋಗು."

ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಇಷ್ಟು ದಿನ ಮುಚ್ಚಿಟ್ಟವರು ಇನ್ನೊಂದು ದಿನ ಮುಚ್ಚಿಡಬಾರದಿತ್ತೇ! ಅಕ್ಕನ ಸಂಸಾರ ಈ ಮೇಜಿನ ಮೇಲೇ ನಿಂತಿದೆ. ಕೋಣೆಯ ನಾಲ್ಕು ಗೋಡೆಗಳೂ ಒಂದೊಂದು ಹೆಜ್ಜೆ ಹತ್ತಿರ ಬಂದ ಹಾಗಾಯಿತು.

ಭಾವ ಅತ್ತ ತಿರುಗಿ ಸ್ಕ್ರೂಗಳನ್ನು ಡಬ್ಬಿಗೆ ತುಂಬತೊಡಗಿದರು.

"ನಾಳೆ ಒಂಬತ್ತಕ್ಕೆ ಬರ್ತೀನಿ," ಎಂದಳು.

ಅವರು ತಿರುಗಲಿಲ್ಲ. ಒಮ್ಮೆ ಹೇಳುವುದಕ್ಕೇ ಅವಳ ಜೀವ ಬಾಯಿಗೆ ಬಂದಿತ್ತು. ಎದ್ದು, ಮೇಜು ಸುತ್ತಿ, ಅವರ ಮುಖದೆದುರು ನಿಂತು ಅದನ್ನೇ ಇನ್ನೊಮ್ಮೆ ಹೇಳಬೇಕಾಯಿತು.