ಮೂರು ಸಲ ಕ್ಷೇಮ ಕೇಳಿದ ತಾಳ್ಯದ ಅಜ್ಜ

ಹೊಳಲ್ಕೆರೆಯ ದನದ ಡಾಕ್ಟರೊಬ್ಬರ ಖಾಸಗಿ ಕ್ಲಿನಿಕ್ಕಿನಲ್ಲಿ ಫೋನಿನ ಮುಂದೆ ಕೂರುವವಳು ನಾನು. ಬಾಗಿಲು ಮುಚ್ಚಿದ್ದಾಗ ಬಂದ ಕರೆಗಳನ್ನು ಯಂತ್ರ ದಾಖಲಿಸಿಕೊಂಡು, ಮಾತನ್ನು ಅಕ್ಷರಕ್ಕಿಳಿಸಿ ಕಂಪ್ಯೂಟರಿನಲ್ಲಿ ಇಟ್ಟಿರುತ್ತದೆ. ಬೆಳಿಗ್ಗೆ ಆರೂವರೆಗೆ ಹೋಗಿ ಅದನ್ನೋದಿ ಪಟ್ಟಿ ಮಾಡುವುದು ನನ್ನ ಕೆಲಸ: ಯಾರು, ಯಾಕೆ, ಎಷ್ಟು ತುರ್ತು. ಡಾಕ್ಟ್ರಮ್ಮ ಆ ಪಟ್ಟಿಯಂತೆ ಮೇಲಿನಿಂದ ವಾಪಸ್ ಫೋನ್ ಮಾಡುತ್ತಾ ಬರುತ್ತಾರೆ. ನನ್ನ ಪಟ್ಟಿಯಲ್ಲಿ ತಪ್ಪು ಹುಡುಕುವವರು ಇನ್ನೂ ಹುಟ್ಟಿಲ್ಲ ಎಂಬ ಜಂಬ ನನಗಿತ್ತು.

ಆ ದಿನ ರಾಮಗಿರಿಯ ಮೇಷ್ಟ್ರೊಬ್ಬರ ಸಂದೇಶವೇ ಎಲ್ಲಕ್ಕಿಂತ ಜೋರು. "ಅರ್ಜೆಂಟು, ಭಾರಿ ಅರ್ಜೆಂಟು! ನಮ್ಮ ನಾಯಿ ನಿನ್ನೆಯಿಂದ ಮುದ್ದೆ ಮುಟ್ಟಿಲ್ಲ, ಬರೀ ಬಿಸ್ಕತ್ ತಿಂತೈತೆ." ಅವರನ್ನು ಒಂದನೇ ಸಾಲಿಗೆ ಏರಿಸಿದೆ.

ತಾಳ್ಯದಲ್ಲಿ ಕುರಿ ಸಾಕುವ ಅಜ್ಜನದು ಐದೂವರೆಯಿಂದ ಆರರೊಳಗೆ ಮೂರು ಸಂದೇಶ. "ಡಾಕ್ಟ್ರಮ್ಮಾರು ಚೆನ್ನಾಗಿದೀರಾ? ಮಕ್ಳು ಚೆನ್ನಾಗವ್ರಾ? ಈ ಕಡೆ ಬಂದ್ರೆ ನಮ್ಮ ಹಟ್ಟಿಗೂ ಬಂದ್ಹೋಗ್ರಿ." ಎರಡನೆಯದೂ ಅದೇ. ಮೂರನೆಯದರಲ್ಲಿ ಕೊನೆಗೆ, "ಅವಸರ ಏನಿಲ್ಲ" ಎಂದು ಬೇರೆ ಸೇರಿಸಿದ್ದ. ಒಂದೇ ನಂಬರಿನಿಂದ ಬಂದದ್ದನ್ನು ಒಂದೇ ಸಾಲಿಗೆ ಸೇರಿಸುವುದು ನಮ್ಮ ಪದ್ಧತಿ. ಕಾರಣ: ಕ್ಷೇಮ ಸಮಾಚಾರ, ಮೂರು ಸಲ. ತುರ್ತು: ಇಲ್ಲ. ಕಟ್ಟಕಡೆಗೆ ಹಾಕಿದೆ.

ಡಾಕ್ಟ್ರಮ್ಮ ಬಂದವರೇ ಕೊನೆಯ ಸಾಲಿಗೆ ಬೆರಳಿಟ್ಟರು. "ಅರ್ಧ ಗಂಟೇಲಿ ಮೂರು ಸಲ ಮಾಡವ್ರಾ? ದನಿ ಕೇಳಿದ್ಯೇನಮ್ಮಾ?"

"ಓದಿದೆ ಮೇಡಂ."

"ಕೇಳಿದ್ಯಾ ಅಂದೆ."

ಗುಂಡಿ ಒತ್ತಿದೆ. ಅಜ್ಜ ಮಕ್ಕಳ ಕ್ಷೇಮ ಕೇಳುತ್ತಿದ್ದಾನೆ, ಅವನ ಹಿಂದೆ ಕುರಿಯೊಂದು ನರಳುತ್ತಿದೆ. ಯಂತ್ರ ಮನುಷ್ಯರ ಮಾತನ್ನಷ್ಟೇ ಬರೆದಿತ್ತು.

ಡಾಕ್ಟ್ರಮ್ಮ ತಕ್ಷಣ ಫೋನ್ ಹಚ್ಚಿದರು. ಅಜ್ಜ, "ಕಾಫಿ ಆಯ್ತಾ ತಾಯಿ?" ಎಂದು ಶುರು ಮಾಡಿದ.

"ಅಜ್ಜಾ, ಕುರಿಗೇನಾಗೈತೆ?"

"ಏನಿಲ್ಲ ತಾಯಿ. ಆಗಲೇ ನೀರಿನ ಚೀಲ ಒಡೀತು. ಮರಿದು ಒಂದು ಕಾಲು ಈಚೆ ಬಂದೈತೆ, ತಲೆ ಕಾಣ್ತಿಲ್ಲ. ಅಷ್ಟೇಯ."

"ಎಳೀಬ್ಯಾಡ್ರಿ. ಬಂದೆ!"

ಅವರು ಹೋದ ಮೇಲೆ ನನ್ನ ಪಟ್ಟಿಯನ್ನು ಮತ್ತೆ ಓದಿದೆ. ನಾಯಿಯ ಬಿಸ್ಕತ್ತಿಗೆ ಒಂದನೇ ಸಾಲು ಕೊಟ್ಟವಳಲ್ಲವೇ ನಾನು! ನಾಚಿಕೆಯೂ ಆಯಿತು, ಅಜ್ಜನ ಮೇಲೆ ಸಿಟ್ಟೂ ಬಂತು. ಒಂಬತ್ತಕ್ಕೆ ಡಾಕ್ಟ್ರಮ್ಮ ಫೋನ್ ಮಾಡಿ ತಾಯಿ, ಮರಿ ಎರಡೂ ಉಳಿದವು ಎಂದಾಗ ಅಜ್ಜನಿಗೆ ಫೋನ್ ಕೊಡಲು ಹೇಳಿ ತರಾಟೆಗೆ ತೆಗೆದುಕೊಂಡೆ.

"ಮೊದಲೇ ಹೇಳಾಕೇನಾಗಿತ್ತು ಅಜ್ಜಾ?"

"ಕ್ಷೇಮ ಕೇಳ್ದೆ ಕೆಲಸ ಹೇಳಾಕಾಗ್ತೈತೇನವ್ವಾ? ಅದೂ ಬೆಳ್ಬೆಳಿಗ್ಗೆ, ಕೆಟ್ಟ ಸುದ್ದಿನ?"

"ಇನ್ಮೇಲೆ ಮೊದಲು ಅರ್ಜೆಂಟು ಅನ್ರಿ. ಆಮೇಲೆ ಕ್ಷೇಮ."

ಅಂದಿನಿಂದ ಓದಿದ್ದನ್ನೆಲ್ಲ ಒಮ್ಮೆ ಕೇಳಿಯೇ ಪಟ್ಟಿ ಮಾಡುತ್ತೇನೆ. ಮರುದಿನ ಬೆಳಿಗ್ಗೆ ಮೊದಲ ಸಂದೇಶ ಅಜ್ಜನದೇ. "ಅರ್ಜೆಂಟು. ಮರಿ ಹಾಲು ಕುಡೀತೈತೆ. ನಿನ್ನೆ ಬೈದ್ರಲ್ಲ, ಆ ತಾಯಿ ಚೆನ್ನಾಗವ್ರಾ?"

ಎರಡು ಸಲ ಕೇಳಿದೆ. ಹಿಂದೆ ಮರಿಯ ದನಿಯೂ ಇತ್ತು. ಕಾರಣದ ಜಾಗದಲ್ಲಿ ಕ್ಷೇಮ ಸಮಾಚಾರ ಎಂದೇ ಬರೆದು, ಒಂದನೇ ಸಾಲಿಗೆ ಹಾಕಿದೆ.