ಪಾಲಿಗೆ ಬಂದ ರೂಟರ್

ಹಲಗೂರಿನ ಸುತ್ತ ಹದಿಮೂರು ವರ್ಷದಿಂದ ಇಂಟರ್ನೆಟ್ ಕೇಬಲ್ ಎಳೆಯುತ್ತಿದ್ದೇನೆ. ಹೊಲ ಪಾಲಾದದ್ದು ನೋಡಿದ್ದೇನೆ, ಹಸು ಪಾಲಾದದ್ದು ನೋಡಿದ್ದೇನೆ. ಇಂಟರ್ನೆಟ್ಟನ್ನೂ ಪಾಲು ಮಾಡಿಕೊಂಡ ಪುಣ್ಯಾತ್ಮರನ್ನು ನೋಡಿದ್ದು ಮೋಹಿನಿಯ ಮನೆಯಲ್ಲಿ ಮಾತ್ರ.

ಮೋಹಿನಿ ಆ ಮನೆಯ ಕಿರಿಸೊಸೆ. ಬಿ.ಕಾಂ. ಓದಿದವಳು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು, ಅಡುಗೆ ಮುಗಿಸಿ, ಲ್ಯಾಪ್‌ಟಾಪ್ ಮುಂದೆ ಕೂತು ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಳು. ಎಂಟು ತಿಂಗಳಿಗೆ ಒಂದು ಕಂಪನಿ ಕರೆಯಿತು. ಮನೆಯಿಂದಲೇ ಮಾಡುವ ಕೆಲಸ. ಮಂಗಳವಾರ ಎರಡು ಗಂಟೆಗೆ ಆನ್‌ಲೈನ್ ಪರೀಕ್ಷೆ, ತಪ್ಪಿದರೆ ಮತ್ತೆ ಕರೆಯುವುದಿಲ್ಲ.

ಅದರ ಹಿಂದಿನ ಭಾನುವಾರವೇ ಮನೆಯ ಅಣ್ಣತಮ್ಮಂದಿರು ಬೇರೆಯಾದರು. ಹಜಾರದಲ್ಲಿದ್ದ ಇಂಟರ್ನೆಟ್ ಪೆಟ್ಟಿಗೆ ಎರಡು, ಗಂಡುಮಕ್ಕಳೂ ಇಬ್ಬರು. ಮೋಡೆಮ್ ಅಣ್ಣ ಜಯಪ್ರಕಾಶನಿಗೆ, ರೂಟರ್ ಮೋಹಿನಿಯ ಗಂಡ ಶಶಿಧರನಿಗೆ. ಪಂಚಾಯಿತಿಗೆ ಕೂತ ದೊಡ್ಡವರೂ ತಲೆಯಾಡಿಸಿದರಂತೆ!

ಮಂಗಳವಾರ ಮಧ್ಯಾಹ್ನ ಒಂದಕ್ಕೆ ಮೋಹಿನಿಯ ಫೋನು. ಓಡಿದೆ.

"ವೈಫೈ ಪೂರ್ತಿ ತೋರುಸ್ತದೆ ಅಂಬರೀಸಣ್ಣ, ನೆಟ್ ಮಾತ್ರ ಇಲ್ಲ. ಮೊಬೈಲ್ ಸಿಗ್ನಲ್ಲೂ ಇಲ್ಲಿ ಸಿಕ್ಕಲ್ಲ."

"ಎಲ್ಲಿಂದ ಬತ್ತದಮ್ಮ? ಮೋಡೆಮ್ಮು ಲೈನಲ್ಲಿ ಬರೋ ನೆಟ್ನ ಮನೆಯೊಳಿಕ್ಕೆ ತತ್ತದೆ. ರೂಟರು ಅದನ್ನ ಎಲ್ರ ಫೋನಿಗೂ ಅಂಚ್ತದೆ. ತರೋದು ಆಚೆ ಮನೇಲೈತೆ, ಅಂಚೋದು ಈಚೆ ಮನೇಲೈತೆ. ಇದೇನು ಅಂಚ್ತದೆ, ಮಣ್ಣು?"

ಎರಡರ ನಡುವೆ ಒಂದು ವೈರು ಹಾಕಿದರೆ ಮುಗಿಯಿತು. ಸೋಮವಾರವಷ್ಟೇ ಹಜಾರದ ನಡುವೆ ಎದ್ದ ಅಡ್ಡಗೋಡೆಗೆ ಬೆರಳು ಗಾತ್ರದ ತೂತು ಸಾಕು. ಕೇಳಲು ಆಚೆ ಮನೆಗೆ ಹೋದರೆ ಜಯಪ್ರಕಾಶ ಒಪ್ಪಲಿಲ್ಲ.

"ನನ್ ಗ್ವಾಡೆ ಮುಟ್ಬ್ಯಾಡ ಕಣ್ಲಾ. ನಂಗೂ ಫೋನಲ್ಲಿ ನೆಟ್ ಬತ್ತಿಲ್ಲ, ನಾನೇನು ಬಾಯ್ ಬಡ್ಕಂಡ್ನಾ? ಲೈನೇ ಕಿತ್ತಾಕ್ಬುಡು. ಯಾರ್ಗೂ ಬ್ಯಾಡ."

"ಲೈನು ನಿಮ್ಮೆಸ್ರಲ್ಲೈತೆ ಅಂತ ಇಂಗಾ ಮಾಡೋದು? ಅವಳ ಪರೀಕ್ಸೆ ಕಣಣ್ಣ!"

"ಕಿತ್ತಾಕು ಅಂದ್ನಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಎರಡಕ್ಕೆ ಹತ್ತು ನಿಮಿಷವಿತ್ತು. ಅಷ್ಟರಲ್ಲಿ ಮೋಹಿನಿ ಲ್ಯಾಪ್‌ಟಾಪು, ಒಂದು ತುಂಡು ವೈರು ಹಿಡಿದು ಭಾವನ ಹೊಸಿಲು ದಾಟಿ ಬಂದಳು. ಯಾರನ್ನೂ ಕೇಳಲಿಲ್ಲ. ಮೋಡೆಮ್ಮಿನ ಕೆಳಗೆ ನೆಲದ ಮೇಲೆ ಕೂತಳು.

"ರೂಟರಿಲ್ದೆ ಆಗ್ತದಾ ಅಣ್ಣ?"

"ಒಂದೇ ಲ್ಯಾಪ್‌ಟಾಪ್‌ಗಾದ್ರೆ ಆಗ್ತದೆ."

ವೈರನ್ನು ನೇರ ಮೋಡೆಮ್ಮಿಗೆ ಚುಚ್ಚಿ, ರೂಟರಿನಲ್ಲಿದ್ದ ಕನೆಕ್ಷನ್ನಿನ ಹೆಸರು, ಪಾಸ್‌ವರ್ಡನ್ನು ಲ್ಯಾಪ್‌ಟಾಪಿಗೇ ಹಾಕಿದೆ. ನೆಟ್ ಬಂತು.

"ಏಯ್, ಎದ್ದೇಳಮ್ಮ!" ಎಂದು ಜಯಪ್ರಕಾಶ ಗದರಿದ. ಅವಳು ತಲೆ ಎತ್ತಲಿಲ್ಲ. ತಮ್ಮನ ಹೆಂಡತಿಯನ್ನು ಕೈ ಹಿಡಿದು ಎಬ್ಬಿಸುವ ಹಾಗಿಲ್ಲ. ಅವನು ಬಾಗಿಲಲ್ಲಿ ನಿಂತ, ನಾನು ಪ್ಲೈಯರ್ ಹಿಡಿದು ಮೋಡೆಮ್ಮಿಗೆ ಅಡ್ಡ ನಿಂತೆ.

ಮೂರೂಕಾಲಿಗೆ ಪರೀಕ್ಷೆ ಮುಗಿಯಿತು. ಮೋಹಿನಿ ವೈರು ಕಿತ್ತು ಸುತ್ತಿಕೊಂಡು ಎದ್ದಳು.

"ನಂದಾಯ್ತು ಭಾವ. ಈಗ ಕಿತ್ತಾಕ್ಸಿ."

ಜಯಪ್ರಕಾಶ ನನ್ನ ಮುಖ ನೋಡಿದ. "ಗ್ವಾಡೆಗೆ ಎಷ್ಟ್ ದಪ್ಪದ್ ತೂತು ಬೇಕಂದೆ?" ಎಂದ.