ಹನುಮವ್ವ ಒಡೆಯಲೊಪ್ಪದ ‘ಹತ್ತು’

ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಒಂದು ಪ್ರೆಸ್ಸಿತ್ತು. ಕೆಳಗೆ ಯಂತ್ರ, ಮೇಲೆ ನಿಘಂಟಿನ ಕಚೇರಿ. ಕಚೇರಿಯೆಂದರೆ ಎರಡು ಮೇಜು, ಒಂದು ಕಂಪ್ಯೂಟರ್, ಚಪ್ಪಲಿ ಡಬ್ಬಿಗಳಲ್ಲಿ ಅಕಾರಾದಿಯಾಗಿ ಜೋಡಿಸಿಟ್ಟ ನಲವತ್ತು ಸಾವಿರಕ್ಕೂ ಹೆಚ್ಚು ಚೀಟಿ. ಒಂದೊಂದು ಚೀಟಿಯಲ್ಲಿ ಒಂದೊಂದು ಪದ, ಅದರ ಅರ್ಥ, ಅದು ಬಳಕೆಯಾದ ವಾಕ್ಯ. ಆ ಚೀಟಿಗಳನ್ನು ಬರೆದು, ಜೋಡಿಸಿ, ಕಂಪ್ಯೂಟರಿಗೆ ಏರಿಸುತ್ತಿದ್ದವಳು ಹನುಮವ್ವ.

ಕುಷ್ಟಗಿ ಕಡೆಯವಳು. ಪಿಯುಸಿ ಓದಿ, ಕನ್ನಡ ಟೈಪಿಂಗ್ ಸೀನಿಯರ್ ಪಾಸು ಮಾಡಿಕೊಂಡು, ವ್ಯಾನ್ ಓಡಿಸುವ ಗಂಡ ದುಂಡೇಶನ ಜೊತೆ ಮಾರೇನಹಳ್ಳಿಯ ಬಾಡಿಗೆ ಮನೆಗೆ ಬಂದಾಗ ಅವಳಿಗೆ ಇಪ್ಪತ್ತೆಂಟು. ಕೆಲಸಕ್ಕೆ ಸೇರಿದ ಮೊದಲ ವಾರ, ಮಾಡುತ್ತಿದ್ದೇನೆ ಎನ್ನಲು ‘ಸಾರ್, ಟೈಪ್ ಮಾಡಾಕ ಹತ್ತೀನಿ’ ಅಂದದ್ದಕ್ಕೆ ಕೆಳಗಿನ ಯಂತ್ರದ ಹುಡುಗರು ಹತ್ತೋದು ಎಲ್ಲಿಗೆ ಆಂಟಿ, ಮರಕ್ಕಾ ಎಂದು ನಕ್ಕಿದ್ದರು. ಅಂದಿನಿಂದ ಪ್ರೆಸ್ಸಿನ ಮೆಟ್ಟಿಲು ಮುಟ್ಟುವ ಮೊದಲೇ ಅವಳು ತನ್ನ ಮಾತನ್ನು ಬೆಂಗಳೂರಿನದಾಗಿಸಿಕೊಳ್ಳುತ್ತಿದ್ದಳು. ಹತ್ತು ವರ್ಷ ಹಾಗೇ ಕಳೆದಿತ್ತು.

ಸಂಪಾದಕರು ನಿವೃತ್ತ ಪ್ರಾಧ್ಯಾಪಕ ಮುನಿವೆಂಕಟಪ್ಪ. ಬಸವೇಶ್ವರನಗರದಿಂದ ದಿನಾ ನಡೆದೇ ಬರುತ್ತಿದ್ದರು. ಟೈಪ್ ಮಾಡುವವಳಿಗೆ ಇದೆಲ್ಲ ಯಾಕೆ ಎಂದುಕೊಳ್ಳದೆ ಕೆಲಸದ ಒಳಗುಟ್ಟನ್ನೆಲ್ಲ ಅವಳಿಗೆ ಹೇಳಿಕೊಟ್ಟವರು ಅವರೇ.

“ನೋಡಮ್ಮ, ಅರಿ ಅಂದ್ರೆ ಶತ್ರು. ಅದು ಸಂಸ್ಕೃತದಿಂದ ಬಂದದ್ದು. ಅರಿ ಅಂದ್ರೆ ತಿಳಿ. ಅದು ನಮ್ಮದು, ಹಳಗನ್ನಡದಲ್ಲಿ ಬೇರೆ ರಕಾರ ಇತ್ತು, ಅಱಿ ಅಂತ. ಅರಿ ಅಂದ್ರೆ ಕೊಯ್ಯಿ, ಅದೂ ನಮ್ಮದೇ, ಆದ್ರೆ ಮಾಮೂಲಿ ರಕಾರ. ಮೂರು ಜನ ಬೇರೆ ಬೇರೆ ಊರಿಂದ ಬಂದು ಒಂದೇ ಹೆಸರಿಟ್ಟುಕೊಂಡಿದ್ದಾರೆ ಅಷ್ಟೆ. ಮೂರು ನಮೂದು ಹಾಕು, ತಲೆ ಮೇಲೆ ಒಂದು, ಎರಡು, ಮೂರು ಅಂತ ಸಣ್ಣ ಅಂಕಿ ಕೊಡು. ಮಂಚದ ಕಾಲು, ಮನುಷ್ಯನ ಕಾಲು ಹಾಗಲ್ಲ. ಅದು ಒಂದೇ ಪದ, ಎರಡು ಅರ್ಥ. ಒಂದೇ ನಮೂದಿನೊಳಗೆ ಹೋಗಬೇಕು.”

“ಕಾಲು ಕೆ.ಜಿ. ಸಾರ್?”

ಆ ಪ್ರಶ್ನೆಗೆ ಅವರು ಒಂದು ಮಧ್ಯಾಹ್ನವಿಡೀ ತಲೆ ಕೆಡಿಸಿಕೊಂಡಿದ್ದರು. ನಾಲ್ಕು ಕಾಲಿನ ಪ್ರಾಣಿಗೆ ಒಂದು ಕಾಲೆಂದರೆ ನಾಲ್ಕನೆಯ ಒಂದು ಪಾಲು. ಸಂಸ್ಕೃತದ ಪಾದಕ್ಕೂ ಹೀಗೆ ಎರಡು ಅರ್ಥವಿದೆ. ಮೂಲ ಒಂದೇ ಇದ್ದೀತು. ಆದರೆ ಬೇರೆ ಬೇರೆ ಊರಿನವರನ್ನು ಕೇಳಿದಾಗ ಒಬ್ಬರಿಗೂ ಕಾಲು ಕೆ.ಜಿ. ಬೆಲ್ಲದೊಳಗೆ ಕಾಲು ಕಾಣಲಿಲ್ಲ. ಇದು ಶಾಲೆಯ ಮಕ್ಕಳ ನಿಘಂಟು, ಚರಿತ್ರೆಯ ನಿಘಂಟಲ್ಲ ಎಂದು ಕೊನೆಗೆ ಎರಡು ನಮೂದು ಮಾಡಿ, ಮೂಲದ ಬಗ್ಗೆ ಒಂದು ಸಾಲು ಸೇರಿಸಿದರು.

ಹೀಗೆ ಕೆಲಸ ಹಕಾರಕ್ಕೆ ಬಂದು ನಿಂತಿತ್ತು. ಅದು ಎರಡು ಸಾವಿರದ ಏಳರ ಬೇಸಗೆ. ಒಂದು ಬೆಳಿಗ್ಗೆ ಪ್ರೆಸ್ಸಿನ ಮಾಲೀಕ ಕಾಂತರಾಜು ಹೊಸ ರಕ್ಷಾಪುಟವನ್ನು ಹಿಡಿದು ಮೇಲೆ ಬಂದರು. ಅದರ ಮೇಲೆ ಕೆಂಪು ಅಕ್ಷರದಲ್ಲಿ ‘ಐವತ್ತು ಸಾವಿರ ಪದಗಳು’ ಎಂದಿತ್ತು. ಇನ್ನೊಬ್ಬ ಪ್ರಕಾಶಕರು ತಮ್ಮ ನಿಘಂಟಿನಲ್ಲಿ ನಲವತ್ತೈದು ಸಾವಿರ ಎಂದು ಹಾಕಿಸಿದ್ದರಂತೆ.

“ನಮ್ಮತ್ರ ಇರೋದು ನಲವತ್ತೊಂದು ಸಾವಿರ ಕಾಂತರಾಜು” ಎಂದರು ಮುನಿವೆಂಕಟಪ್ಪ.

“ಗೊತ್ತು ಸಾರ್. ಅದಕ್ಕೇ ದಾರಿ ಹುಡುಕಿದೀನಿ. ಒಂದು ಪದದ ಕೆಳಗೆ ಆರು ಅರ್ಥ ಇದ್ರೆ ಆರು ಪದ ಮಾಡಿಬಿಡಿ. ಈಗ ಈ ಹತ್ತು ತಗೊಳ್ಳಿ. ಸಂಖ್ಯೆ ಒಂದು. ಮೆಟ್ಲು ಹತ್ತೋದು ಎರಡು. ಬೆಂಕಿ ಹತ್ತೋದು ಮೂರು. ನಿದ್ದೆ ಹತ್ತೋದು ನಾಲ್ಕು. ಆಯ್ತಲ್ಲ?” ಚೀಟಿ ತಿರುಗಿಸಿ ಅವರು ಮುಖ ಸಿಂಡರಿಸಿದರು. “ಇದೇನಿದು, ಬರಾಕ ಹತ್ತೈತಿ? ಕೈಗೆ ಅಂಟು ಹತ್ತೈತಿ? ಇವು ಬೇಡ. ಹಳ್ಳಿ ಮಾತು.”

ಸಂಖ್ಯೆಯ ಬಗ್ಗೆ ಜಗಳವಿರಲಿಲ್ಲ. ಅದು ಹತ್ತಕ್ಕೆ, ಹತ್ತನೆಯ ಎಂದು ರೂಪ ತಾಳುತ್ತದೆ. ಇನ್ನೊಂದು ಹತ್ತಿದ, ಹತ್ತುತ್ತಾನೆ ಎಂದು. ಅವೆರಡು ಬೇರೆ ಪದವೆಂದು ಮೊದಲೇ ಬೇರೆ ಮಾಡಿಟ್ಟಿದ್ದರು. ಹನುಮವ್ವ ಸಿಟ್ಟಾದದ್ದು ಕ್ರಿಯಾಪದವನ್ನು ಒಡೆಯಹೊರಟದ್ದಕ್ಕೆ.

“ಅದು ಒಂದೇ ಪದ ಸಾರ್. ನಾನು ಒಡೆಯಲ್ಲ.”

“ಸೌದೆಗೆ ಬೆಂಕಿಯೂ ಗುಡ್ಡಕ್ಕೆ ಹುಡುಗನೂ ಹತ್ತಿದರು ಅಂತ ಬರೆಯೋಕಾಗತ್ತಾ? ನಗಲ್ವಾ ಜನ? ಬೇರೆ ಪದ ಅಂತ ಅದ್ರಲ್ಲೇ ಗೊತ್ತಾಗಲ್ವಾ?” ಎಂದರು ಕಾಂತರಾಜು.

“ನಗ್ತಾರೆ” ಎಂದರು ಮುನಿವೆಂಕಟಪ್ಪ ನಿಧಾನವಾಗಿ. “ಅರ್ಥ ಎರಡು ಅಂತ ಆ ನಗು ಹೇಳತ್ತೆ. ಪದ ಎರಡು ಅಂತ ಹೇಳಲ್ಲ. ಪದ ಬೇರೆಯಾದ್ರೂ ನಗು ಬರತ್ತೆ, ಒಂದೇ ಪದದ ದೂರದ ಅರ್ಥ ಆದ್ರೂ ಬರತ್ತೆ.”

ಆಗ ಕಾಂತರಾಜು ಅವರದೇ ಕೆಲಸವನ್ನು ಎತ್ತಿಕೊಂಡರು. “ಕಾಲನ್ನ ಯಾಕೆ ಒಡೆದ್ರಿ ಸಾರ್? ಮೂಲ ಒಂದೇ, ಆದ್ರೆ ಜನಕ್ಕೆ ಹಾಗನ್ಸಲ್ಲ ಅಂತ ತಾನೆ? ಹಂಗಾದ್ರೆ ಇದಕ್ಕೂ ಜನರನ್ನೇ ಕೇಳಿ. ಮರ ಹತ್ತೋದಕ್ಕೂ ಬೆಂಕಿ ಹತ್ತೋದಕ್ಕೂ ಏನು ಸಂಬಂಧ ಅಂತ.”

ಯಂತ್ರದ ಹುಡುಗರನ್ನು ಅಲ್ಲೇ ಕರೆದು ಕೇಳಿಸಿದರು. ಸಂಬಂಧವೇ ಇಲ್ಲ ಎಂದರು ಅವರು.

“ಮುಗೀತು. ಸೋಮವಾರದ ಒಳಗೆ ಒಡೆದು ಟೈಪ್ ಮಾಡು.”

“ಮಾಡಲ್ಲ ಸಾರ್.”

“ನೀನು ಟೈಪ್ ಮಾಡೋಳು ಕಣಮ್ಮ, ಪಂಡಿತಳಲ್ಲ. ಆಗಲ್ಲ ಅಂದ್ರೆ ಮನೇಲಿರು.”

ಹನುಮವ್ವ ಕಂಪ್ಯೂಟರ್ ಆರಿಸಿದಳು. ‘ಹತ್ತು’ವಿನ ಚೀಟಿಗಳನ್ನು ಒಂದೊಂದಾಗಿ ನಕಲು ಮಾಡಿಕೊಂಡು, ಮೂಲವನ್ನು ಡಬ್ಬಿಗೆ ಹಾಕಿ, ಕಾಂತರಾಜು ನೋಡುತ್ತಿರುವಂತೆಯೇ ಇಳಿದು ಹೋದಳು.

ಕೆಳಗೆ ಬೈಂಡಿಂಗ್ ವಿಭಾಗದಲ್ಲಿ ಶೆಲ್ವಿ ಅಚ್ಚಾದ ಹಾಳೆಗಳ ಫಾರಂ ಮಡಚುತ್ತಿದ್ದಳು. ಶ್ರೀರಾಮಪುರದ ತಮಿಳು ಹೆಂಗಸು, ಹನುಮವ್ವನ ಊಟದ ಜೊತೆಗಾತಿ. ಸಂಗತಿಯನ್ನೆಲ್ಲ ಕೇಳಿಸಿಕೊಂಡು, “ನಮ್ಮಲ್ಲೂ ಹಂಗೇ ಅಕ್ಕ” ಎಂದಳು. “ಒಲೆ ಹಚ್ಚಕ್ಕೆ ಅಡುಪ್ಪು ಪತ್ತ ವೈ ಅಂತೀವಿ. ಹತ್ತು ಜನಕ್ಕೂ ಪತ್ತು ಅಂತೀವಿ. ಬಾಯಲ್ಲಿ ಒಂದೇ. ಬರೆಯೋವಾಗ ಅಕ್ಷರ ಬೇರೆ.” ರದ್ದಿ ಕಾಗದದ ಮೇಲೆ ಎರಡನ್ನೂ ಬರೆದು ತೋರಿಸಿದಳು.

“ಒಲೆ ಹತ್ತಿಸೋ ಪದಕ್ಕೆ ಬೇರೇನಾದ್ರೂ ಅರ್ಥ ಇದೆಯಾ?”

“ಹಿಡ್ಕೊಳ್ಳೋದು. ಕೈ ಬಿಡದಂಗೆ ಹಿಡ್ಕೊಳ್ಳೋದು.”

ಹನುಮವ್ವ ಆ ಕಾಗದವನ್ನು ತನ್ನ ಚೀಟಿಗಳ ಜೊತೆ ಇಟ್ಟುಕೊಂಡಳು. ಸಂಖ್ಯೆಯನ್ನು ತಮಿಳಿನ ಬರಹ ಬೇರೆ ಇಟ್ಟಿತ್ತು. ಹಿಡಿಯುವುದನ್ನೂ ಉರಿಯುವುದನ್ನೂ ಒಂದೇ ಪದದಲ್ಲಿ ಇಟ್ಟಿತ್ತು.

ಮುಂದಿನ ಮೂರು ದಿನ ಅವಳು ಮನೆಯಲ್ಲಿ ಕೂರಲಿಲ್ಲ. ವಿಜಯನಗರದ ಬಸ್ ನಿಲ್ದಾಣದಲ್ಲಿ, ಶ್ರೀಗಂಧದ ಕಾವಲಿನಲ್ಲಿ ಕಟ್ಟಡ ಏಳುತ್ತಿದ್ದ ಸೈಟುಗಳಲ್ಲಿ ಚೀಟಿ ಹಿಡಿದು ನಿಂತಳು. ಊರು ಯಾವುದೆಂದು ಮೊದಲು ಬರೆದುಕೊಂಡು, ‘ಹತ್ತು’ವಿನ ವಾಕ್ಯಗಳನ್ನು ಓದಿ, ಸುಳಿವು ಕೊಡದೆ ಒಂದೇ ಪ್ರಶ್ನೆ ಕೇಳಿದಳು: ಇವು ಒಂದೇ ಮಾತೋ, ಬೇರೆ ಬೇರೆ ಮಾತೋ? ಬೆಂಗಳೂರಿನ ಕಡೆಯ ಇಪ್ಪತ್ತು ಮಂದಿಯಲ್ಲಿ ಹದಿನಾಲ್ಕು ಮಂದಿ ಬೇರೆ ಎಂದರು. ಹನುಮವ್ವ ಅದನ್ನು ಮುಚ್ಚಿಡದೆ ಬರೆದುಕೊಂಡಳು.

ಗಾರೆ ಕೆಲಸದ ಗೌಂಡಿ, ಸಿಂಧನೂರಿನ ಅಮೀನಪ್ಪನೋ, ಪ್ರಶ್ನೆ ಕೇಳಿ ಅವಳನ್ನೇ ಪಾಪ ಎಂಬಂತೆ ನೋಡಿದ. “ಏನ್ ಕೇಳ್ತಿ ಯವ್ವಾ? ಕೈಗೆ ಸಿಮೆಂಟ್ ಹತ್ತತೈತಿ, ಅಂದ್ರ ಹಿಡಕೊಂತೈತಿ. ಕಟ್ಟಿಗಿಗೆ ಬೆಂಕಿ ಹತ್ತತೈತಿ, ಅದೂ ಹಿಡಕೊಂತೈತಿ. ಗಿಡಾ ಹತ್ತವ ಗಿಡಾ ಹಿಡಕೊಂಡ ಹತ್ತತಾನ. ಕೆಲಸಕ್ಕ ಹತ್ತೀನಿ ಅಂದ್ರ ಕೆಲಸಾ ಹಿಡದೀನಿ. ಎಲ್ಲಾ ಒಂದ.”

ಉತ್ತರ ಕರ್ನಾಟಕದ ಇಪ್ಪತ್ತು ಮಂದಿಯಲ್ಲಿ ಹದಿನೇಳು ಮಂದಿ ಹೀಗೇ ಹೇಳಿದರು.

ಸೋಮವಾರ ಅವಳು ಕಚೇರಿಗೆ ಬಂದಾಗ ಅವಳ ಕುರ್ಚಿಯಲ್ಲಿ ಹೊಸಬನೊಬ್ಬ ಕೂತಿದ್ದ. ಕಾಂತರಾಜು ಅವನ ಹಿಂದೆ ನಿಂತಿದ್ದರು. ಹನುಮವ್ವ ನಲವತ್ತು ಚೀಟಿಗಳನ್ನು ಮುನಿವೆಂಕಟಪ್ಪನವರ ಮೇಜಿನ ಮೇಲೆ ಎರಡು ಕಂತೆಯಾಗಿ ಇಟ್ಟಳು.

“ನೀವು ಹೇಳಿದಂಗೇ ಜನರನ್ನ ಕೇಳಿದೆ ಸಾರ್. ಇಲ್ಲಿನೋರಿಗೆ ಹತ್ತೋದೂ ಉರಿಯೋದೂ ಬೇರೆ. ಯಾಕಂದ್ರೆ ನಡುವಿನ ಅರ್ಥ, ಅಂಟೋದು, ಇವರ ಬಾಯಲ್ಲಿ ಸವೆದುಹೋಗಿದೆ. ನಮ್ಮ ಕಡೆ ಇನ್ನೂ ಇದೆ. ನೀವು ತೆಗೀರಿ ಅಂದ್ರಲ್ಲ, ಅದೇ ಸೇತುವೆ. ಸೇತುವೆ ಕಿತ್ತುಹಾಕಿ, ನೋಡಿ ಎರಡು ದಡ ಬೇರೆ ಬೇರೆ ಅಂದ್ರೆ ಹೇಗೆ?”

“ಅದು ಅಲ್ಲಿನ ಮಾತಮ್ಮ. ನಾನು ಜನ ಅಂದಿದ್ದು...”

ಹನುಮವ್ವನ ಹತ್ತು ವರ್ಷದ ಬೆಂಗಳೂರು ಮಾತು ಅಲ್ಲಿಗೇ ಕಳಚಿತು.

“ನಮ್ಮ ಮಂದಿ ಮಂದಿ ಅಲ್ಲೇನ್ರೀ ಸರ? ಈ ಓಣಿಯಾಗ ಮನಿ ಕಟ್ಟಾಕ ಹತ್ತಿದಾವ್ರು ಯಾರು? ಪುಸ್ತಕದ ಮ್ಯಾಲ ಕನ್ನಡ ನಿಘಂಟು ಅಂತ ಬರದೀರಿ. ರಾಜಾಜಿನಗರದ ನಿಘಂಟು ಅಂತ ಬರೀರಿ, ನಾ ಬಾಯಿ ಮುಚ್ಚತೀನಿ. ಕಾಲು ಒಡದ್ವಿ, ಯಾಕಂದ್ರ ಯಾ ಊರಾಗೂ ಯಾರೂ ಕೂಡಿಸಲಿಲ್ಲ. ಇದನ್ನ ಕೂಡಿಸಾವ್ರು ಅದಾರ. ಬೇಕಾದ್ರ ಕೇಳಾಕ ಹೋಗ್ರಿ. ನಾ ಮಾತ್ರ ಒಡಿಯಂಗಿಲ್ಲ.”

ಕೆಳಗೆ ಯಂತ್ರ ನಿಂತಿತ್ತು. ಹುಡುಗರು ಮೆಟ್ಟಿಲ ಮೇಲೆ ಬಂದು ಕೇಳುತ್ತಿದ್ದರು. ಯಾರೂ ನಗಲಿಲ್ಲ.

ಮುನಿವೆಂಕಟಪ್ಪ ಕಂತೆಯ ಜೊತೆಗಿದ್ದ, ಶೆಲ್ವಿ ಬರೆದ ಕಾಗದವನ್ನು ಎರಡು ಸಲ ನೋಡಿದರು. ಕನ್ನಡಕ ತೆಗೆದು, “ನಾನೇ ಹೋಗಿ ಕೇಳಬೇಕಿತ್ತು” ಎಂದರು. ಆಮೇಲೆ ಕಾಂತರಾಜು ಕಡೆ ತಿರುಗಿ, “ಲೆಕ್ಕಕ್ಕೋಸ್ಕರ ಒಡೆಯೋದಾದ್ರೆ ಹತ್ತು ಒಂದೇ ಅಲ್ಲ, ಪುಸ್ತಕವೆಲ್ಲ ಒಡೀತೀರಿ. ಹಾಗಾದ್ರೆ ನನ್ನ ಹೆಸರು ತೆಗೀರಿ” ಎಂದರು.

ಸಂಪಾದಕರಿಲ್ಲದ ನಿಘಂಟನ್ನು ಯಾವ ಶಾಲೆಯೂ ಕೊಳ್ಳುವುದಿಲ್ಲವೆಂದು ಕಾಂತರಾಜುಗೆ ಗೊತ್ತಿತ್ತು. ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದು, ಮೂರನೆಯ ದಿನ ಹೊಸಬನನ್ನು ಕೆಳಗಿನ ಬಿಲ್ಲಿಂಗಿಗೆ ಕಳಿಸಿದರು. ರಕ್ಷಾಪುಟ ರದ್ದಾಯಿತು. ಹೊಸದರಲ್ಲಿ ಸಂಖ್ಯೆಯೇ ಇರಲಿಲ್ಲ. ‘ಎಲ್ಲ ಸೀಮೆಯ ಕನ್ನಡ’ ಎಂದು ಹಾಕಿಸಿದರು. ಅದೂ ವ್ಯಾಪಾರದ ಮಾತೇ. ಸುಳ್ಳಂತೂ ಅಲ್ಲ ಎಂದುಕೊಂಡಳು ಹನುಮವ್ವ.

ಮುಂದಿನ ವರ್ಷ ಪುಸ್ತಕ ಹೊರಬಂತು. ಹತ್ತು ಎಂಬುದಕ್ಕೆ ಎರಡೇ ನಮೂದು: ಒಂದು ಸಂಖ್ಯೆ, ಇನ್ನೊಂದು ಕ್ರಿಯಾಪದ. ಎರಡನೆಯದರಲ್ಲಿ ಅಂಟು ಎಂಬುದೇ ಮೊದಲ ಅರ್ಥ; ಅದರ ಬೆನ್ನಿಗೆ ಏರು, ಉರಿಯತೊಡಗು, ತೊಡಗು; ಕೊನೆಗೆ ‘ಮಳೆ ಬರಾಕ ಹತ್ತೈತಿ’ ಎಂಬ ವಾಕ್ಯ. ಪಕ್ಕದಲ್ಲಿ ‘ಉತ್ತರ ಕರ್ನಾಟಕ’ ಎಂದಿತ್ತು. ‘ಗ್ರಾಮ್ಯ’ ಎಂದಿರಲಿಲ್ಲ.

ಮುನ್ನುಡಿಯ ಕೊನೆಯಲ್ಲಿ ಸಹಾಯಕರ ಹೆಸರಿತ್ತು. ಕೊನೆಯ ಅವಸರದಲ್ಲಿ ಮುನ್ನುಡಿಯನ್ನು ಟೈಪ್ ಮಾಡಿದವನು ಬಿಲ್ಲಿಂಗಿನ ಆ ಹೊಸಬ. ಅವಳ ಹೆಸರನ್ನು ‘ಹನುಮಮ್ಮ’ ಎಂದು ಮಾಡಿದ್ದ.

“ಹೋಗ್ಲಿ ಬಿಡಮ್ಮ, ಎರಡೂ ಒಂದೇ ಅಲ್ವಾ” ಎಂದರು ಕಾಂತರಾಜು.

“ಅರ್ಥ ಒಂದೇ ಇರಬಹುದು ಸರ. ಹೆಸರು ನಂದು.”

ಅವಳು ಬೈಂಡಿಂಗ್ ವಿಭಾಗಕ್ಕೆ ಇಳಿದಳು. ಮೊದಲ ಲಾರಿಗೆ ಹೋಗಬೇಕಾದ ಐನೂರು ಪ್ರತಿ ಗೋಡೆಗೆ ಒರಗಿ ನಿಂತಿದ್ದವು. ಶೆಲ್ವಿ ಪುಟ ತೆರೆದು ಹಿಡಿದಳು, ಹನುಮವ್ವ ಕಪ್ಪು ಪೆನ್ನಿನಿಂದ ತಿದ್ದತೊಡಗಿದಳು. ಲಾರಿಯವನು ಹಾರನ್ ಹೊಡೆದ. ಕಾಂತರಾಜು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, ಲಾರಿಯವನಿಗೆ ಟೀ ಕುಡಿದು ಬಾ ಎಂದರು.